ಹಾಸ್ಟೆಲ್‌ನಲ್ಲಿರೋ ಮಗಳಿಗೆ, ಮೂರು ಪಿಚ್ಚರ್ ನೆಪದಲ್ಲಿ

ಪುಟ್ಟಿ,

ಮೊನ್ನೆ ಫೋನಲ್ಲಿ ನೀನು "ಅಪ್ಪಾ, ಸ್ವಲ್ಪ ಧೈರ್ಯ ಬರೋ ಥರದ ಪಿಚ್ಚರ್ ಯಾವ್ದಾದ್ರೂ ಇದ್ರೆ ಹೇಳು" ಅಂದಾಗ ಯೋಚ್ನೆ ಮಾಡಿ ಬರೀತೀನಿ ಅಂದಿದ್ನಲ್ಲ, ಇದು ಆ ಕಾಗ್ದ. ಉದ್ದ ಆಗುತ್ತೆ, ಒಂದೇ ಸಲ ಓದ್ಬೇಕು ಅಂತೇನಿಲ್ಲ. ನಿಜ ಹೇಳ್ಬೇಕಂದ್ರೆ ನೀನು ಕೇಳ್ದಾಗ ನನ್ನ ತಲೇಲಿ ಪಿಚ್ಚರೇ ಇರ್ಲಿಲ್ಲ. ಅದಕ್ಕೂ ಮುಂಚೆ ನಿನಗೆ ಜ್ವರ ಬಂದು ರೂಮಲ್ಲೇ ಮುದುಡ್ಕೊಂಡು ಮಲಗಿದ್ದೆ, ದಿನಾ ಫೋನ್ ಮಾಡ್ದಾಗ "ಆರಾಮಿದೀನಿ" ಅಂತಿದ್ದೆ, ಆಮೇಲೆ ನಿನ್ನ ರೂಮ್‌ಮೇಟ್ ಬಾಯಿ ತಪ್ಪಿ ನಿಮ್ಮಮ್ಮನ ಹತ್ರ ಹೇಳ್ಬಿಟ್ಲು. ಯಾಕೆ ಹೇಳ್ಲಿಲ್ಲ ಅಂತ ಕೇಳಿದ್ರೆ ನೀನು ಕೊಟ್ಟ ಉತ್ತರ ಏನು? "ಎಲ್ಲದಕ್ಕೂ ಇನ್ನೊಬ್ರನ್ನ ಕೇಳ್ತಾ ಕೂತ್ರೆ ಹಾಸ್ಟೆಲಿಗೆ ಬಂದು ಏನ್ ಪ್ರಯೋಜನ, ನಾನೇ ಮ್ಯಾನೇಜ್ ಮಾಡ್ಕೋಬೇಕಲ್ವಾ." ಈ ಮಾತು ನನ್ನನ್ನ ಬಿಡದೆ ಕೊರೀತಾ ಇದೆ. ಜ್ವರಕ್ಕಿಂತ ಜಾಸ್ತಿ ಈ ಮಾತೇ ಭಯ ಹುಟ್ಟಿಸ್ತು ಅಂದ್ರೂ ತಪ್ಪಿಲ್ಲ.

ಯಾಕಂದ್ರೆ ಸ್ವಾವಲಂಬನೆ ಅಂದ್ರೆ ಯಾರ ಹತ್ರಾನೂ ಏನೂ ಕೇಳದೆ ಇರೋದು ಅಂತ ನೀನು ತಿಳ್ಕೊಂಡಿದೀಯ. ಇದರಲ್ಲಿ ನಿನ್ನ ತಪ್ಪೇನೂ ಇಲ್ಲ, ಧೈರ್ಯದ ಪಿಚ್ಚರ್ ಅಂತ ಜನ ಹೇಳೋ ಮುಕ್ಕಾಲು ಪಿಚ್ಚರ್‌ಗಳು ಅದನ್ನೇ ಹೇಳ್ಕೊಡ್ತವೆ. ಒಬ್ಬಳೇ ಎದ್ದು ನಿಲ್ತಾಳೆ, ಹಿಂದೆ ಮ್ಯೂಸಿಕ್ ಜೋರಾಗುತ್ತೆ, ಕೈ ಚಾಚಿದವರನ್ನೆಲ್ಲ ದೂರ ತಳ್ಳಿ ಸ್ಲೋಮೋಷನ್ನಲ್ಲಿ ನಡ್ಕೊಂಡು ಹೋಗ್ತಾಳೆ. ನೋಡೋವಾಗ ಮೈ ಜುಮ್ಮನ್ನುತ್ತೆ, ನಂಗೂ ಅನ್ನುತ್ತೆ, ಸುಳ್ಳು ಯಾಕೆ. ಆದ್ರೆ ಮಾರನೇ ದಿನ ಮೆಸ್ ಬಿಲ್ ಕಟ್ಟೋದಕ್ಕೋ, ಅರ್ಥ ಆಗದೆ ಇರೋ ಪಾಠನ ಲೆಕ್ಚರರ್ ಹತ್ರ ಹೋಗಿ ಕೇಳೋದಕ್ಕೋ ಅದು ಯಾವ ಉಪಯೋಗಕ್ಕೂ ಬರಲ್ಲ. ಅದಕ್ಕೆ ನಾನು ಬೇರೆ ಥರದ ಮೂರು ಹುಡುಕಿಟ್ಟಿದೀನಿ. ಮೂರರಲ್ಲೂ ಒಬ್ಬಳು ಹೆಣ್ಣುಮಗಳು ದುಡ್ಡು ಎಣಿಸ್ತಾಳೆ, ಮೂರರಲ್ಲೂ ಬಾಯಿಬಿಟ್ಟು ಕೇಳ್ತಾಳೆ. ಹೇಗೆ ಕೇಳ್ತಾಳೆ ಅನ್ನೋದನ್ನ ನೀನು ನೋಡ್ಬೇಕು ಅಂತ ನನ್ನಾಸೆ.

(ಕಥೆ ಪೂರ್ತಿ ಹೇಳ್ಬಿಡ್ತೀನಿ, ಕೊನೇದೂ ಸೇರಿಸಿ. ಬೈಕೋಬೇಡ. ಕೊನೆ ಗೊತ್ತಾದ್ರೆ ಕೆಟ್ಟುಹೋಗೋ ಪಿಚ್ಚರ್‌ಗಳಲ್ಲ ಇವು.)

ಮೊದಲನೇದು, ಪೊರಕೆ ಮೇಲೆ ಹಾರೋ ಹುಡುಗಿ

ಹೆಸರು "ಕಿಕೀಸ್ ಡೆಲಿವರಿ ಸರ್ವಿಸ್". 1989ರ ಜಪಾನೀ ಕಾರ್ಟೂನ್ ಪಿಚ್ಚರ್, ಹಯಾವೊ ಮಿಯಾಝಾಕಿ ಮಾಡಿದ್ದು. ಕಾರ್ಟೂನ್ ಅಂದಕೂಡ್ಲೆ ಮೂಗು ಮುರೀಬೇಡ, ಮನೆ ಬಿಟ್ಟು ಹೋದ ಹುಡುಗಿಯೊಬ್ಳ ಮೊದಲ ವರ್ಷ ಹೇಗಿರುತ್ತೆ ಅನ್ನೋದನ್ನ ಇಷ್ಟು ಸರಿಯಾಗಿ ತೋರ್ಸಿರೋ ಇನ್ನೊಂದು ಪಿಚ್ಚರ್ ನಾನು ನೋಡಿಲ್ಲ. ಕಿಕಿ ಮಾಟಗಾತಿ, ಅಂದ್ರೆ ಪೊರಕೆ ಮೇಲೆ ಕೂತು ಹಾರ್ತಾಳೆ. ಅವರ ಪದ್ಧತಿ ಪ್ರಕಾರ ಹದಿಮೂರು ತುಂಬಿದ್ಮೇಲೆ ಮನೆ ಬಿಟ್ಟು, ಬೇರೆ ಊರಲ್ಲಿ ಒಂದು ವರ್ಷ ತನ್ನ ಕಾಲ ಮೇಲೆ ತಾನು ನಿಂತ್ಕೋಬೇಕು. ಜೊತೆಗೆ ಜಿಜಿ ಅನ್ನೋ ಕರಿಬೆಕ್ಕು, ಅದು ಅವಳ ಜೊತೆ ಮಾತಾಡುತ್ತೆ. ದಾರೀಲಿ ಇನ್ನೊಬ್ಳು ಮಾಟಗಾತಿ ಸಿಗ್ತಾಳೆ, ಸ್ವಲ್ಪ ಜಂಬದವಳು, ತಾನು ಭವಿಷ್ಯ ಹೇಳ್ತೀನಿ ಅಂತಾಳೆ, ನಿಂಗೇನು ಬರುತ್ತೆ ಅಂತ ಕೇಳ್ತಾಳೆ. ಕಿಕಿಗೆ ಹಾರೋದು ಬಿಟ್ಟು ಏನೂ ಬರಲ್ಲ. ಕಾಲೇಜಿನ ಮೊದಲ ವಾರ ನಿನ್ನ ಕ್ಲಾಸಿನ ಹುಡುಗೀರೆಲ್ಲ ಏನೇನೋ ಕಲ್ತು ಬಂದವರ ಥರ ಕಾಣ್ತಾರೆ ಅಂತ ಹೇಳಿದ್ಯಲ್ಲ, ಆ ಸೀನ್ ಬಂದಾಗ ನಂಗೆ ಅದೇ ನೆನಪಾಗಿದ್ದು.

ಊರಿಗೆ ಇಳಿದ ಮೇಲೆ ಅವಳಿಗೆ ಯಾರೂ ಹಾರ ಹಾಕಿ ಕರ್ಕೊಳ್ಳಲ್ಲ. ಪೊಲೀಸಿನವನು ಬೈತಾನೆ, ಹೋಟೆಲಲ್ಲಿ ಚಿಕ್ಕ ಹುಡುಗಿ ಅಂತ ರೂಮ್ ಕೊಡಲ್ಲ. ಆಮೇಲೆ ಒಂದು ಬೇಕರಿ ಮುಂದೆ ನಿಂತಿರ್ತಾಳೆ, ಒಡತಿ ಒಸೊನೊ ತುಂಬು ಬಸುರಿ, ಗಿರಾಕಿ ಒಬ್ರು ಮಗುವಿನ ನಿಪ್ಪಲ್ ಮರೆತು ಹೋಗಿರೋದನ್ನ ಹಿಡ್ಕೊಂಡು ಹೊರಗೆ ಓಡಿ ಬಂದಿರ್ತಾಳೆ. ಕಿಕಿ ನಾನು ಕೊಟ್ಬರ್ತೀನಿ ಅಂತ ತಗೊಂಡು ಹಾರಿಬಿಡ್ತಾಳೆ. ಅಷ್ಟೇ, ಅಲ್ಲಿಂದ ಅವಳ ಕೆಲಸ ಶುರು. ಒಸೊನೊ ಮೇಲ್ಗಡೆ ಖಾಲಿ ರೂಮ್ ಕೊಡ್ತಾಳೆ, ಹಿಟ್ಟಿನ ಧೂಳು ತುಂಬಿರೋ ರೂಮು. ಆಗೊಮ್ಮೆ ಈಗೊಮ್ಮೆ ಅಂಗಡಿ ನೋಡ್ಕೊಂಡ್ರೆ ಬಾಡಿಗೆ ಬೇಡ, ಫೋನಿನ ದುಡ್ಡೂ ಬೇಡ ಅಂತ ಮಾತಾಗುತ್ತೆ. ಇದನ್ನ ಗಮನಿಸು. ಒಸೊನೊ ಅಲ್ಲಿ ದಾನ ಮಾಡ್ತಿಲ್ಲ, ಕಿಕಿ ಭಿಕ್ಷೆ ಬೇಡ್ತಾನೂ ಇಲ್ಲ. ಎರಡು ಕಡೆಯವರೂ ಲೆಕ್ಕ ಇಟ್ಕೊಂಡು ಮಾಡಿರೋ ಒಪ್ಪಂದ ಅದು, ಆದ್ರೂ ಅದರಲ್ಲಿ ಪ್ರೀತಿ ಇದೆ. ರೂಮ್ ಸಿಕ್ಕಿದ್ಮೇಲೆ ಕಿಕಿ ಬಾಣಲೆ ಗೀಣಲೆ ಅಂತ ಸಾಮಾನು ತರೋದಕ್ಕೆ ಹೋಗ್ತಾಳೆ, ಇರೋ ದುಡ್ಡು ಹೇಗೆ ಕರಗುತ್ತೆ ಅಂತ ಅವತ್ತು ಗೊತ್ತಾಗುತ್ತೆ ಅವಳಿಗೆ.

ನಾನು ಮತ್ತೆ ಮತ್ತೆ ನೋಡೋದು ಒಂದು ಸೀನನ್ನ. ಒಬ್ಳು ಅಜ್ಜಿ ಮೊಮ್ಮಗಳ ಹುಟ್ಟುಹಬ್ಬಕ್ಕೆ ಮೀನಿನ ಪೈ ಮಾಡಿ ಕಳಿಸ್ಬೇಕು ಅಂತ ಕಿಕಿಯನ್ನ ಕರೆಸಿರ್ತಾಳೆ, ಆದ್ರೆ ಎಲೆಕ್ಟ್ರಿಕ್ ಓವನ್ ಕೆಟ್ಟಿದೆ. ಅಜ್ಜಿ ಪಾಪ, ಕೆಲಸ ಆಗ್ಲಿಲ್ಲ ಆದ್ರೂ ನಿನ್ನ ದುಡ್ಡು ತಗೊಂಡು ಹೋಗಮ್ಮ ಅಂತಾಳೆ. ಕಿಕಿಗೆ ಅವತ್ತು ಸಂಜೆ ಟೊಂಬೊ ಅನ್ನೋ ಹುಡುಗ ಪಾರ್ಟಿಗೆ ಬೇರೆ ಕರೆದಿದಾನೆ, ಹೋಗ್ಬೇಕು. ಆದ್ರೂ ದುಡ್ಡು ಸುಮ್ನೆ ತಗೊಳ್ಳೋದಕ್ಕೆ ಮನಸ್ಸು ಬರಲ್ಲ, ಮೂಲೇಲಿರೋ ಹಳೇ ಸೌದೆ ಒಲೆ ನೋಡಿ ಇದನ್ನ ಹಚ್ಚೋಣ ಅಂತ ತಾನೇ ಸೌದೆ ತಂದು, ಉರಿ ಹಾಕಿ, ಬೇಯೋ ತನಕ ಕಾದು, ಅಷ್ಟರಲ್ಲಿ ಅಜ್ಜಿ ಮನೇಲಿ ಕೆಟ್ಟೋಗಿರೋ ಬಲ್ಬೂ ಬದಲಾಯಿಸಿ, ಕೊನೆಗೆ ಹೊರಟಾಗ ಮಳೆ. ನೆನ್ಕೊಂಡು ಹೋಗಿ ಬಾಗ್ಲು ತಟ್ಟಿದ್ರೆ ಮೊಮ್ಮಗಳು ಪೈ ನೋಡಿ, ಅಯ್ಯೋ ಅಜ್ಜಿ ಮತ್ತೆ ಇದನ್ನೇ ಕಳ್ಸಿದ್ಲಾ, ನಂಗೆ ಇಷ್ಟ ಇಲ್ಲ ಅನ್ನೋ ಥರ ಹೇಳಿ ಬಾಗ್ಲು ಹಾಕ್ಕೋತಾಳೆ. ಅಷ್ಟೇ. ಯಾರೂ ಆ ಹುಡುಗಿಗೆ ಬುದ್ಧಿ ಹೇಳಲ್ಲ, ಆಮೇಲೂ ಅವಳು ಕ್ಷಮೆ ಕೇಳಲ್ಲ. ಕೆಲಸಕ್ಕೆ ಬೆಲೆ ಇಲ್ಲ ಅನ್ನೋದು ಇಷ್ಟು ತಣ್ಣಗೆ, ಬಾಗ್ಲಲ್ಲಿ ನಿಲ್ಲಿಸಿ ಹೇಳ್ತಾರೆ ಅಂತ ಹದಿಮೂರಕ್ಕೆ ಗೊತ್ತಾಗೋದು ಸಣ್ಣ ಏಟಲ್ಲ.

ಮಾರನೇ ದಿನ ಕಿಕಿಗೆ ಜ್ವರ. (ಹೂಂ, ಅದಕ್ಕೇ ಈ ಪಿಚ್ಚರು ಮೊದ್ಲು ನೆನಪಾಗಿದ್ದು.) ಒಸೊನೊ ಮೆಟ್ಲು ಹತ್ತಿ ಬಂದು ಹಣೆ ಮುಟ್ಟಿ ನೋಡಿ, ಬರೀ ನೆಗಡಿ ಕಣೇ ಅಂತ ಗಂಜಿ ಮಾಡ್ಕೊಂಡು ಬಂದು ಕೊಡ್ತಾಳೆ. ಅವಳು ವಾಪಸ್ ಹೊರಟಾಗ ಕಿಕಿ ಹಾಸಿಗೆಯಿಂದ ಒಂದು ಸಲ ಕರೀತಾಳೆ, ಅವಳು ತಿರುಗಿ ಏನು ಅಂದ್ರೆ, ಏನಿಲ್ಲ ಅಂತಾಳೆ. ಏನೋ ಕೇಳ್ಬೇಕಿತ್ತು, ಕೇಳ್ಲಿಲ್ಲ. ಇನ್ನೊಂದು ಸ್ವಲ್ಪ ಹೊತ್ತು ಇಲ್ಲೇ ಕೂತ್ಕೋ ಅಂತಾನೇ ಇರ್ಬೇಕು. ನಂಗೆ ಅನ್ಸೋದು, ಆಮೇಲೆ ಆಗೋದಕ್ಕೆಲ್ಲ ಬೇರು ಅಲ್ಲೇ ಇದೆ ಅಂತ. ಸ್ವಲ್ಪ ದಿನ ಆದ್ಮೇಲೆ ಅವಳಿಗೆ ಬೆಕ್ಕಿನ ಮಾತು ಅರ್ಥ ಆಗೋದು ನಿಂತುಹೋಗುತ್ತೆ, ಹಾರೋದಕ್ಕೂ ಆಗಲ್ಲ, ಪ್ರಾಕ್ಟೀಸ್ ಮಾಡೋದಕ್ಕೆ ಹೋಗಿ ಪೊರಕೆ ಮುರಿದು ಹಾಕ್ತಾಳೆ. ಯಾವ ವಿಲನ್ನೂ ಇಲ್ಲ, ಶಾಪಾನೂ ಇಲ್ಲ, ಬರ್ತಾ ಇದ್ದ ಒಂದೇ ಒಂದು ವಿದ್ಯೆ ಕೈಕೊಡ್ತು ಅಷ್ಟೇ.

ಆಗ ಅವಳನ್ನ ಕಾಡಿನ ಮನೆಗೆ ಕರ್ಕೊಂಡು ಹೋಗೋದು ಉರ್ಸುಲಾ ಅನ್ನೋ ಚಿತ್ರ ಬರೆಯೋ ಹುಡುಗಿ. ತನಗೂ ಹಾಗೇ ಆಗಿತ್ತು, ಬರೆದಿದ್ದೆಲ್ಲ ಯಾರದ್ದೋ ನಕಲು ಅನ್ಸಿ ಕೈ ನಿಂತುಹೋಗಿತ್ತು ಅಂತ ಹೇಳ್ತಾಳೆ. ಬಿಡದೆ ಬರೀತಾನೇ ಇರ್ಬೇಕು ಅಂತಾಳೆ. ಅದಕ್ಕೆ ಕಿಕಿ ಆದ್ರೂ ಬರ್ದೇ ಇದ್ರೆ ಅಂತ ಕೇಳ್ತಾಳೆ. ಬರೆಯೋದು ಬಿಟ್ಬಿಡು, ಅಡ್ಡಾಡು, ಸುಮ್ನೆ ಏನಾದ್ರೂ ನೋಡ್ತಾ ಕೂತ್ಕೋ, ಮಧ್ಯಾಹ್ನ ನಿದ್ದೆ ಹೊಡಿ, ಏನೂ ಮಾಡ್ಬೇಡ, ಆಮೇಲೆ ಒಂದಿನ ತಾನಾಗೇ ಬರೀಬೇಕು ಅನ್ಸುತ್ತೆ ಅಂತಾಳೆ. ಧೈರ್ಯದ ಪಿಚ್ಚರಲ್ಲಿ ಹೀರೋಯಿನ್‌ಗೆ ನಿದ್ದೆ ಮಾಡು ಅಂತ ಹೇಳೋರನ್ನ ನೀನು ಬೇರೆ ಎಲ್ಲಾದ್ರೂ ನೋಡಿದೀಯಾ?

ಕೊನೇಲಿ ಟೊಂಬೊ ಒಂದು ದೊಡ್ಡ ಗಾಳಿಹಡಗಿನ ಹಗ್ಗಕ್ಕೆ ನೇತಾಡ್ತಿರ್ತಾನೆ, ಕಿಕಿ ರಸ್ತೆ ಗುಡಿಸೋ ತಾತನ ಹತ್ರ ಓಡಿಹೋಗಿ ಅವನ ಕೈಲಿರೋ ಬ್ರಶ್ಶನ್ನ ಕೊಡಿ ಅಂತ ಕೇಳಿ ಇಸ್ಕೊಂಡು ಅದರ ಮೇಲೆ ಹಾರ್ತಾಳೆ. ಅದು ಮಾತು ಕೇಳಲ್ಲ, ಅಡ್ಡಾದಿಡ್ಡಿ ಹೋಗುತ್ತೆ, ಗೋಡೆಗೆಲ್ಲ ಉಜ್ಜಿಕೊಂಡು ಹೋಗುತ್ತೆ. ಅಷ್ಟು ದೊಡ್ಡ ಘಳಿಗೇಲಿ ಅವಳ ಕೈಲಿರೋದು ಎರವಲು ತಂದ ಸಾಮಾನು. ನಂಗೆ ಅದು ಬಹಳ ಇಷ್ಟ. ಒಂದು ಮಾತು, ಇದನ್ನ ಜಪಾನೀ ಆಡಿಯೋದಲ್ಲೇ ನೋಡು, ಸಬ್‌ಟೈಟಲ್ ಹಾಕ್ಕೊ. ಹಳೇ ಇಂಗ್ಲಿಷ್ ಡಬ್ಬಿಂಗಲ್ಲಿ ಕೊನೆಗೆ ಬೆಕ್ಕು ಮತ್ತೆ ಮಾತಾಡೋ ಹಾಗೆ ಸೇರಿಸಿದ್ರು. ಮೂಲದಲ್ಲಿ ಹಾಗಿಲ್ಲ. ಹಾರೋ ಶಕ್ತಿ ವಾಪಸ್ ಬರುತ್ತೆ, ಬೆಕ್ಕಿನ ಮಾತು ವಾಪಸ್ ಬರಲ್ಲ. ಬೆಳೆಯೋವಾಗ ಕಳ್ಕೊಂಡಿದ್ದೆಲ್ಲ ಮತ್ತೆ ಸಿಗುತ್ತೆ ಅಂತ ಮಿಯಾಝಾಕಿ ಸುಳ್ಳು ಭರವಸೆ ಕೊಡಲ್ಲ.

ಎರಡನೇದು, ಹಸಿರು ಸೈಕಲ್

"ವಾಜ್ದಾ", 2012ರದ್ದು, ಸೌದಿ ಅರೇಬಿಯಾದ್ದು, ಹೈಫಾ ಅಲ್ ಮನ್ಸೂರ್ ಅನ್ನೋ ಹೆಣ್ಣುಮಗಳು ಮಾಡಿದ್ದು. ಇದರ ಬಗ್ಗೆ ಸ್ವಲ್ಪ ಕಮ್ಮಿ ಹೇಳ್ತೀನಿ, ಯಾಕಂದ್ರೆ ಇದನ್ನ ನೀನು ನಗ್ತಾ ನಗ್ತಾ ನೋಡ್ಬೇಕು. ರಿಯಾದ್‌ನಲ್ಲಿರೋ ಪುಟ್ಟ ಹುಡುಗಿ ವಾಜ್ದಾ, ಪಕ್ಕದ ಮನೆ ಅಬ್ದುಲ್ಲಾ ಜೊತೆ ರೇಸ್ ಮಾಡೋದಕ್ಕೆ ಅವಳಿಗೊಂದು ಸೈಕಲ್ ಬೇಕು. ಹೆಣ್ಣುಮಕ್ಕಳು ಸೈಕಲ್ ಹೊಡೀಬಾರ್ದು ಅಂತ ಎಲ್ರೂ ಹೇಳ್ತಾರೆ. ಅಂಗಡೀಲಿರೋ ಹಸಿರು ಸೈಕಲ್‌ಗೆ 800 ರಿಯಾಲ್.

ಅವಳು ಕೂತು ಅಳಲ್ಲ, ಭಾಷಣಾನೂ ಮಾಡಲ್ಲ. ಲೆಕ್ಕ ಹಾಕ್ತಾಳೆ. ಫುಟ್ಬಾಲ್ ಟೀಮಿನ ಬಣ್ಣದ ದಾರದಲ್ಲಿ ಕೈಗೆ ಕಟ್ಟೋ ಬ್ಯಾಂಡ್ ಹೆಣೆದು ಸ್ಕೂಲಲ್ಲಿ ಕದ್ದು ಮಾರ್ತಾಳೆ, ದೊಡ್ಡ ಹುಡುಗಿಯೊಬ್ಳ ಚೀಟಿ ತಲುಪಿಸೋದಕ್ಕೂ ದುಡ್ಡು ಇಸ್ಕೋತಾಳೆ. (ಈ ಭಾಗದಿಂದ ಸ್ಫೂರ್ತಿ ತಗೋಬೇಡ.) ಇಷ್ಟಾದ್ರೂ ಸಾಕಾಗಲ್ಲ. ಆಗ ಸ್ಕೂಲಲ್ಲಿ ಕುರಾನ್ ಪಠಣ ಸ್ಪರ್ಧೆ ಬರುತ್ತೆ, ಬಹುಮಾನ 1000 ರಿಯಾಲ್, ಕ್ಲಾಸಲ್ಲೆಲ್ಲ ತಂಟೆಗೆ ಹೆಸರಾದ ಇವಳು ಹೋಗಿ ಹೆಸರು ಕೊಡ್ತಾಳೆ, ನಿಜವಾಗ್ಲೂ ಕೂತು ಕಲೀತಾಳೆ, ಗೆಲ್ತಾಳೆ. ವೇದಿಕೆ ಮೇಲೆ ಹೆಡ್‌ಮೇಡಂ, ಈ ದುಡ್ಡಲ್ಲಿ ಏನ್ ಮಾಡ್ತೀಯಾ ಅಂತ ಕೇಳಿದ್ರೆ ಸೈಕಲ್ ತಗೋತೀನಿ ಅಂತಾಳೆ. ಒಂದು ಸುಳ್ಳು ಹೇಳಿದ್ರೆ ದುಡ್ಡು ಕೈಗೆ ಬರ್ತಿತ್ತು. ಮೇಡಂ ಆ ದುಡ್ಡನ್ನ ಪ್ಯಾಲೆಸ್ಟೀನಿಗೆ ದಾನ ಕೊಡೋಣ ಅಂತ ಅಲ್ಲೇ ತೀರ್ಮಾನ ಮಾಡ್ಬಿಡ್ತಾರೆ.

ಆದ್ರೆ ನೀನು ಹುಡುಗಿಯನ್ನ ಮಾತ್ರ ನೋಡ್ಬೇಡ, ಅವಳ ತಾಯಿಯನ್ನೂ ನೋಡು. ಆಕೆಗೆ ಕೆಲಸ ಇದೆ, ಸಂಬಳ ಇದೆ, ಆದ್ರೆ ಕೆಲಸಕ್ಕೆ ಹೋಗೋದಕ್ಕೆ ಬಾಡಿಗೆ ಡ್ರೈವರ್ ಬರ್ಬೇಕು. ಸೌದಿಯಲ್ಲಿ ಹೆಂಗಸರು ಕಾರು ಓಡಿಸೋದಕ್ಕೆ ಅವಕಾಶ ಸಿಕ್ಕಿದ್ದೇ 2018ರಲ್ಲಿ. ಡ್ರೈವರ್ ಮುನಿಸ್ಕೊಂಡ್ರೆ ಕೆಲಸವೇ ಕೆಟ್ಟುಹೋಗುತ್ತೆ. ಗಂಡ ಎರಡನೇ ಮದುವೆಗೆ ಹೆಣ್ಣು ನೋಡ್ತಿದಾನೆ, ಅವನನ್ನ ಉಳಿಸ್ಕೋಬೇಕು ಅಂತ ಒಂದು ಕೆಂಪು ಡ್ರೆಸ್ ಮೇಲೆ ಕಣ್ಣಿಟ್ಟಿದಾಳೆ. ಗೋಡೆ ಮೇಲೆ ಗಂಡನ ಮನೆತನದ ವಂಶವೃಕ್ಷ ಇದೆ, ಅದರಲ್ಲಿ ಬರೀ ಗಂಡಸರ ಹೆಸರು. ವಾಜ್ದಾ ತನ್ನ ಹೆಸರು ಬರೆದ ಚೀಟಿಯನ್ನ ಅಪ್ಪನ ಹೆಸರಿನ ಹತ್ರ ಸಿಕ್ಕಿಸ್ತಾಳೆ, ಆಮೇಲೆ ನೋಡಿದ್ರೆ ಅದನ್ನ ಯಾರೋ ಕಿತ್ತು ಹಾಕಿರ್ತಾರೆ. ಯಾರು ಅಂತ ಪಿಚ್ಚರ್ ಹೇಳಲ್ಲ, ಹೇಳೋ ಅಗತ್ಯಾನೂ ಇಲ್ಲ. ಕೊನೆಗೆ ಗಂಡನ ಮದುವೆ ರಾತ್ರಿ ಆ ತಾಯಿ ಡ್ರೆಸ್ ದುಡ್ಡಲ್ಲಿ ಏನು ತರ್ತಾಳೆ ಅಂತ ಊಹಿಸ್ಬಹುದಲ್ಲ. ಮಗಳ ಹಠ ನೋಡಿ ನೋಡಿ ತಾಯಿಗೆ ಧೈರ್ಯ ಬರುತ್ತೆ. ಧೈರ್ಯ ಅನ್ನೋದು ದೊಡ್ಡವರಿಂದ ಚಿಕ್ಕವರಿಗೆ ಇಳಿಯುತ್ತೆ ಅಂತ ನಾವು ಅಂದ್ಕೊಂಡಿರ್ತೀವಿ, ಇಲ್ಲಿ ಅದು ಮೇಲಕ್ಕೆ ಹತ್ತುತ್ತೆ.

ಇನ್ನೊಂದು ವಿಷ್ಯ, ಈ ಪಿಚ್ಚರ್ ತೆಗೆದ ರೀತಿ. ರಸ್ತೇಲಿ ಗಂಡಸರ ಮಧ್ಯೆ ಹೆಂಗಸು ನಿಂತು ಡೈರೆಕ್ಷನ್ ಮಾಡೋ ಹಾಗಿರ್ಲಿಲ್ಲ. ಹಾಗಾಗಿ ಹೊರಾಂಗಣ ಸೀನ್‌ಗಳಿಗೆ ಹೈಫಾ ಒಂದು ವ್ಯಾನ್ ಒಳಗೆ ಕೂತು, ಮಾನಿಟರ್ ನೋಡ್ತಾ, ವಾಕಿಟಾಕೀಲಿ ನಟರಿಗೆ ಹೇಳ್ಕೊಟ್ರು. ಹೀಗೆ ಮಾಡಿದ್ದು ಪೂರ್ತಿ ಸೌದಿಯೊಳಗೇ ಶೂಟ್ ಆದ ಮೊದಲ ದೊಡ್ಡ ಕಥಾಚಿತ್ರ ಆಯ್ತು, ಆಗ ಆ ದೇಶದಲ್ಲಿ ಅದನ್ನ ತೋರ್ಸೋದಕ್ಕೆ ಥಿಯೇಟರೇ ಇರ್ಲಿಲ್ಲ. ವ್ಯಾನ್ ಒಳಗೆ ಕೂರೋದು ಅವಮಾನ ಅಂತ ಆಕೆ ಸಿಟ್ಟು ಮಾಡ್ಕೊಂಡು ಹೊರಟುಹೋಗಿದ್ರೆ ಪಿಚ್ಚರ್ ಆಗ್ತಿರ್ಲಿಲ್ಲ. ಯಾವುದಕ್ಕೆ ಬಗ್ಗಬೇಕು, ಯಾವುದಕ್ಕೆ ಬಗ್ಗಬಾರ್ದು ಅನ್ನೋದು ಆಕೆಗೆ ಗೊತ್ತಿತ್ತು: ಕೂರೋ ಜಾಗ ಬಿಟ್ಕೊಟ್ರು, ಕಥೆ ಬಿಟ್ಕೊಡ್ಲಿಲ್ಲ.

ಮೂರನೇದು, ನಾನು ನಿನಗೆ ನಿಜವಾಗ್ಲೂ ತೋರಿಸ್ಬೇಕು ಅಂತಿರೋದು

"ಟು ಡೇಸ್, ಒನ್ ನೈಟ್". 2014, ಬೆಲ್ಜಿಯಂನ ದಾರ್ದೆನ್ ಅಣ್ಣತಮ್ಮಂದಿರು ಮಾಡಿದ್ದು, ಫ್ರೆಂಚ್ ಮಾತು. ಬೇಜಾರಿರೋ ದಿನ ನೋಡ್ಬೇಡ, ಮಧ್ಯದಲ್ಲಿ ಕಷ್ಟ ಆಗೋ ಸೀನ್ ಒಂದಿದೆ, ಅದನ್ನ ಮುಂದೆ ಹೇಳ್ತೀನಿ. ಮ್ಯೂಸಿಕ್ ಇಲ್ಲ ಅಂತಾನೇ ಹೇಳ್ಬಹುದು, ಕಾರಿನ ರೇಡಿಯೋದಲ್ಲಿ ಬಂದ್ರೆ ಬಂತು. ಕ್ಯಾಮೆರಾ ಒಬ್ಳು ಹೆಂಗಸಿನ ಹಿಂದೆ ನಡ್ಕೊಂಡು ಹೋಗ್ತಾ ಇರುತ್ತೆ ಅಷ್ಟೇ.

ಸಾಂಡ್ರಾ ಸೋಲಾರ್ ಪ್ಯಾನೆಲ್ ಮಾಡೋ ಸಣ್ಣ ಕಂಪನೀಲಿ ಕೆಲಸಗಾರ್ತಿ, ಗಂಡ ಇದಾನೆ, ಎರಡು ಮಕ್ಕಳು. ಡಿಪ್ರೆಶನ್ ಬಂದು ರಜೆ ಹಾಕಿದ್ಲು, ಈಗ ವಾಪಸ್ ಹೋಗ್ಬೇಕು. ಅವಳಿಲ್ಲದಾಗ ಉಳಿದ 16 ಜನ ಸ್ವಲ್ಪ ಓವರ್‌ಟೈಮ್ ಮಾಡಿದ್ರೆ ಕೆಲಸ ನಡೆಯುತ್ತೆ ಅಂತ ಮಾಲೀಕನಿಗೆ ಗೊತ್ತಾಗಿದೆ. ಹಾಗಾಗಿ ಆ 16 ಜನರ ಮುಂದೆ ಒಂದು ಪ್ರಶ್ನೆ ಇಟ್ಟ: ನಿಮಗೆ ತಲಾ 1000 ಯೂರೋ ಬೋನಸ್ ಬೇಕಾ, ಸಾಂಡ್ರಾ ಬೇಕಾ? ಹೆಚ್ಚಿನೋರೆಲ್ಲ ಬೋನಸ್ ಅಂದ್ರು. ಫೋರ್‌ಮನ್ ಕೆಲವರ ಕಿವಿ ಊದಿದ್ದ ಅಂತ ಗೊತ್ತಾಗಿ, ಗೆಳತಿಯೊಬ್ಳು ಜೊತೆಗೆ ಬಂದು ಮಾಲೀಕನ ಹತ್ರ ಮಾತಾಡಿ, ಸೋಮವಾರ ಬೆಳಿಗ್ಗೆ ಇನ್ನೊಂದ್ಸಲ ಗುಟ್ಟಾಗಿ ವೋಟ್ ಹಾಕಿಸ್ತೀನಿ ಅಂತ ಒಪ್ಪಿಸ್ತಾಳೆ. ಅಲ್ಲಿಗೆ ಸಾಂಡ್ರಾ ಕೈಲಿರೋದು ಒಂದು ವೀಕೆಂಡ್. ಒಬ್ಬೊಬ್ರ ಮನೆಗೂ ಹೋಗಿ, ಬೆಲ್ ಒತ್ತಿ, ನಿಮ್ಮ ಬೋನಸ್ ಬಿಟ್ಟು ನಂಗೆ ವೋಟ್ ಹಾಕ್ತೀರಾ ಅಂತ ಕೇಳ್ಬೇಕು.

ಇಡೀ ಪಿಚ್ಚರ್ ಅಷ್ಟೇ, ಬೆಲ್ ಒತ್ತೋದು, ಕೇಳೋದು. ಒಂದೇ ಮಾತನ್ನ ಹತ್ತಾರು ಸಲ ಹೇಳ್ತಾಳೆ. ಅವಳು ಹೇಗೆ ಕೇಳ್ತಾಳೆ ಅಂತ ನೋಡು ಪುಟ್ಟಿ, ನಾನು ಈ ಕಾಗ್ದ ಬರೀತಿರೋದೇ ಇದಕ್ಕೆ. ಮೊದ್ಲು ವಿಷ್ಯ ಏನಿದೆಯೋ ಅದನ್ನ ನೇರ ಹೇಳ್ತಾಳೆ, ಸೋಮವಾರ ಮತ್ತೆ ವೋಟ್ ಇದೆ ಅಂತ. ತನಗೆ ಏನು ಬೇಕು ಅನ್ನೋದನ್ನ ಹೇಳ್ತಾಳೆ, ಅದರಿಂದ ಎದುರಿಗಿರೋರಿಗೆ ಎಷ್ಟು ನಷ್ಟ ಅನ್ನೋದನ್ನೂ ಮುಚ್ಚಿಡಲ್ಲ. ಆಮೇಲೆ ಸುಮ್ನಾಗ್ತಾಳೆ. ಆ ಸುಮ್ನಿರೋದು ಎಷ್ಟು ಕಷ್ಟ ಅಂತ ಅವಳ ಮುಖದಲ್ಲಿ ಕಾಣುತ್ತೆ, ಆ ಖಾಲಿ ಜಾಗದಲ್ಲಿ ಅಳು ತುಂಬಿಸ್ಬಹುದಿತ್ತು, ಮಕ್ಕಳನ್ನ ತೋರಿಸ್ಬಹುದಿತ್ತು, ಹಳೇ ಉಪಕಾರ ನೆನಪಿಸ್ಬಹುದಿತ್ತು. ಏನೂ ಮಾಡಲ್ಲ. ಆಗಲ್ಲ ಅಂದ್ರೆ, ಅರ್ಥ ಆಗುತ್ತೆ ಅಂದು ಹೊರಡ್ತಾಳೆ. ಜನ ಭಿಕ್ಷೆಗೆ ಬಂದ ಹಾಗೆ ನೋಡ್ತಾರೆ ಅಂತ ಕಾರಲ್ಲಿ ಕೂತು ಒದ್ದಾಡ್ತಾಳೆ, ಆದ್ರೂ ಮುಂದಿನ ಮನೆ ಬಂದಾಗ ಇಳೀತಾಳೆ.

ಬಾಗ್ಲು ತೆಗೆದೋರೂ ಕೆಟ್ಟವರಲ್ಲ, ಅದೇ ಈ ಪಿಚ್ಚರಿನ ವಿಶೇಷ. ಒಬ್ಬನ ಮಗಳ ಓದಿನ ಖರ್ಚು, ಇನ್ನೊಬ್ರ ಮನೆ ಕೆಲಸ ಅರ್ಧಕ್ಕೆ ನಿಂತಿದೆ, 1000 ಯೂರೋ ಅವರಿಗೂ ದೊಡ್ಡದೇ. ಒಬ್ಳು ಸ್ನೇಹಿತೆ ಅಂದ್ಕೊಂಡಿದ್ದವಳು ಮನೇಲಿದ್ರೂ ಇಲ್ಲ ಅಂತ ಮಗು ಕೈಲಿ ಹೇಳಿಸ್ತಾಳೆ. ಸುಮಾರು ಜನ ಅವಳನ್ನ ಕೇಳೋ ಮೊದಲ ಪ್ರಶ್ನೆ ಒಂದೇ, ಇಲ್ಲಿ ತನಕ ಎಷ್ಟು ಜನ ಒಪ್ಪಿದ್ರು ಅಂತ. ಸರಿಯೋ ತಪ್ಪೋ ಅಂತ ಯಾರೂ ಕೇಳಲ್ಲ, ಎಷ್ಟು ಜನ ಅಂತ ಕೇಳ್ತಾರೆ. ಹಾಸ್ಟೆಲಲ್ಲಿ ವಾರ್ಡನ್‌ಗೆ ಒಂದು ಅರ್ಜಿ ಬರೆದು ಸಹಿ ಹಾಕಿಸೋದಕ್ಕೆ ಹೋಗಿ ನೋಡು, ಅದೇ ಪ್ರಶ್ನೆ ಬರುತ್ತೆ.

ನಂಗೆ ಮರೆಯೋದಕ್ಕೆ ಆಗ್ದೇ ಇರೋ ಸೀನ್, ತಿಮೂರ್ ಅನ್ನೋ ಹುಡುಗನದ್ದು. ಅವನು ಫುಟ್ಬಾಲ್ ಮೈದಾನದಲ್ಲಿ ಮಕ್ಕಳಿಗೆ ಆಟ ಹೇಳ್ಕೊಡ್ತಿರ್ತಾನೆ, ಸಾಂಡ್ರಾ ಬೇಲಿ ಹತ್ರ ಬಂದು ಅದೇ ಮಾತನ್ನ ಅದೇ ಥರ ಶುರು ಮಾಡ್ತಾಳೆ. ಅವನು ಕೇಳಿ ಮುಗಿಸೋ ಅಷ್ಟರಲ್ಲೇ ಬಿಕ್ಕಿ ಬಿಕ್ಕಿ ಅಳೋದಕ್ಕೆ ಶುರು ಮಾಡ್ತಾನೆ. ಮೊದಲ ವೋಟಲ್ಲಿ ಬೋನಸ್‌ಗೆ ಕೈ ಎತ್ತಿದ ಅವನಿಗೆ ನಾಚಿಕೆ ಕಾಡ್ತಾ ಇತ್ತು. ತಾನು ಹೊಸಬನಾಗಿದ್ದಾಗ ಒಂದು ಸೆಲ್ ಒಡೆದು ಹಾಕಿದ್ದಕ್ಕೆ ಇವಳು ತಪ್ಪು ತನ್ನ ಮೇಲೆ ಹಾಕ್ಕೊಂಡಿದ್ದನ್ನ ಅವನೇ ನೆನಪು ಮಾಡ್ಕೋತಾನೆ. ನೀನು ಬಂದಿದ್ದು ಒಳ್ಳೇದಾಯ್ತು ಅಂತಾನೆ. ಕೇಳೋಳು ಸಾಂಡ್ರಾ, ಹಗುರ ಆಗಿದ್ದು ಅವನು. ಇನ್ನೊಬ್ರನ್ನ ಕೇಳಿದ್ರೆ ಅವರಿಗೆ ತೊಂದ್ರೆ ಅಂತ ನೀನು ಅಂದ್ಕೊಂಡಿದೀಯಲ್ಲ, ತಿಮೂರ್ ಮುಖ ನೋಡು.

ಕಷ್ಟದ ಸೀನ್ ಏನು ಅಂದ್ರೆ, ಭಾನುವಾರ ಒಂದು ಹಂತದಲ್ಲಿ ಅವಳು ಮಾತ್ರೆ ಡಬ್ಬೀನೇ ನುಂಗ್ಬಿಡ್ತಾಳೆ. ಅದೇ ಹೊತ್ತಿಗೆ ಆನ್ ಅನ್ನೋ ಸಹೋದ್ಯೋಗಿ ಮನೆಗೆ ಬಂದು, ನಿಂಗೇ ವೋಟ್ ಹಾಕ್ತೀನಿ ಅಂತಾಳೆ. ಆಗ ಸಾಂಡ್ರಾ ನಾನು ಮಾತ್ರೆ ತಗೊಂಡ್ಬಿಟ್ಟಿದೀನಿ ಅಂತ ಬಾಯಿಬಿಟ್ಟು ಹೇಳ್ತಾಳೆ. ಹೇಳಿದ್ದಕ್ಕೆ ಉಳೀತಾಳೆ. ಆ ರಾತ್ರೀನೇ ಉಳಿದ ಮನೆಗಳಿಗೆ ಹೋಗ್ತಾಳೆ, ಇದು ಸ್ವಲ್ಪ ಅತಿ ಅಂತ ನಿಮ್ಮಮ್ಮ ಹೇಳ್ತಾಳೆ, ನಂಗೂ ಹಾಗೇ ಅನ್ಸುತ್ತೆ, ಆಸ್ಪತ್ರೆಯಿಂದ ಬಂದವಳನ್ನ ಯಾರಾದ್ರೂ ಹಾಗೆ ತಿರುಗಿಸ್ತಾರಾ. ಆದ್ರೆ ಆಮೇಲೆ ಕಾರಲ್ಲಿ ಸಾಂಡ್ರಾ, ಅವಳ ಗಂಡ, ಆನ್ ಮೂವರೂ ರೇಡಿಯೋ ಹಾಡಿಗೆ ಗಂಟಲು ಕಿತ್ಕೊಂಡು ಕೂಗೋದು ನೋಡಿದ್ರೆ ಆ ದೂರು ಮರೆತುಹೋಗುತ್ತೆ.

ಕೊನೆಗೆ ಸೋಮವಾರ. ವೋಟು 8-8. ಸಮ ಬಂದ್ರೆ ಸಾಲಲ್ಲ, ಬಹುಮತ ಬೇಕು, ಸೋತ್ಲು. ಮಾಲೀಕ ಒಳಗೆ ಕರೆದು ಹೇಳ್ತಾನೆ, ಅರ್ಧ ಜನರನ್ನ ಒಪ್ಪಿಸಿದ್ದು ಸಣ್ಣ ಮಾತಲ್ಲ, ಎಲ್ರಿಗೂ ಬೋನಸ್ಸೂ ಕೊಡ್ತೀನಿ, ಆಮೇಲೆ ನಿನ್ನನ್ನೂ ವಾಪಸ್ ತಗೋತೀನಿ, ಗುತ್ತಿಗೆ ಮೇಲಿರೋ ಒಬ್ಬನ ಅವಧಿ ಮುಗಿಯುತ್ತೆ, ಅದನ್ನ ಮುಂದುವರಿಸಲ್ಲ. ಆ ಗುತ್ತಿಗೆಯವನು ಯಾರು ಗೊತ್ತಾ? ಅಲ್ಫೋನ್ಸ್, ತನ್ನ ಕೆಲಸಕ್ಕೇ ಕುತ್ತು ಬರ್ಬಹುದು ಅಂತ ಹೆದರ್ಕೊಂಡಿದ್ದವನು. ಸಾಂಡ್ರಾ ಬೇಡ ಅಂತಾಳೆ. ಇನ್ನೊಬ್ಬನನ್ನ ತೆಗೆಸಿ ನಾನು ಬರಲ್ಲ ಅಂತ. ಮಾಲೀಕ, ಇದು ತೆಗೆಯೋದಲ್ಲ, ಬರೀ ಮುಂದುವರಿಸ್ದೇ ಇರೋದು ಅಂತಾನೆ, ಎರಡೂ ಒಂದೇ ಅಂತಾಳೆ. ಹೊರಗೆ ನಡೀತಾ ಗಂಡನಿಗೆ ಫೋನ್ ಮಾಡಿ, ಚೆನ್ನಾಗಿ ಹೋರಾಡಿದ್ವಿ, ಖುಷಿಯಾಗಿದೀನಿ ಅಂತಾಳೆ. ಇವತ್ತೇ ಬೇರೆ ಕೆಲಸ ಹುಡುಕೋದಕ್ಕೆ ಶುರು ಮಾಡ್ತೀನಿ ಅಂತಾನೂ ಹೇಳ್ತಾಳೆ.

ಆ ಒಂದು "ಬೇಡ" ಅವಳಿಗೆ ಶುಕ್ರವಾರ ಬರ್ತಿರ್ಲಿಲ್ಲ ಅಂತ ನನ್ನ ಅನಿಸಿಕೆ. ಶುಕ್ರವಾರ ಅವಳು ಹಾಸಿಗೆ ಬಿಟ್ಟು ಏಳೋದಕ್ಕೇ ತಯಾರಿರ್ಲಿಲ್ಲ, ನಾನು ಲೆಕ್ಕಕ್ಕೇ ಇಲ್ಲ ಅಂತಿದ್ಲು. ಅಷ್ಟೊಂದು ಬಾಗ್ಲು ತಟ್ಟಿ, ಬೈಸ್ಕೊಂಡು, ಅಪ್ಪಿಸ್ಕೊಂಡು, ಕೆಲವರ ಅಡಿಗೆಮನೇಲಿ ನಿಂತು ಅವರ ಕಷ್ಟ ಕೇಳಿದ ಮೇಲೆ ಅವಳಿಗೆ ಅಲ್ಫೋನ್ಸ್ ಬರೀ ಒಂದು ಹೆಸರಾಗಿ ಉಳಿದಿಲ್ಲ. ರೂಮಿನೊಳಗೆ ಒಬ್ಬಳೇ ಕೂತು ಮ್ಯಾನೇಜ್ ಮಾಡಿದ್ರೆ ಆ ಮಾತು ಹುಟ್ತಾ ಇರ್ಲಿಲ್ಲ.

ನೋಡೋವಾಗ

ಮೂರನ್ನೂ ಒಂದೇ ರಾತ್ರಿ ನೋಡ್ಬೇಡ, ನಿನ್ನ ಅಭ್ಯಾಸ ನಂಗೊತ್ತು. ಕಿಕಿಯನ್ನ ಪರೀಕ್ಷೆ ಮುಗಿದ ದಿನಕ್ಕೆ ಇಟ್ಕೊ. ವಾಜ್ದಾನ ರೂಮಿನವರನ್ನೆಲ್ಲ ಕೂರಿಸ್ಕೊಂಡು ನೋಡು, ತಾರಸಿ ಮೇಲೆ ಅವಳು ಸೈಕಲ್ಲಿಂದ ಬಿದ್ದು ರಕ್ತ ರಕ್ತ ಅಂದಾಗ ಅವಳಮ್ಮ ಗಾಬರಿ ಬೀಳೋ ಸೀನಲ್ಲಿ ಯಾರು ಮೊದ್ಲು ನಗ್ತಾರೆ, ಯಾರು ಸುಮ್ನಾಗ್ತಾರೆ ಅಂತ ಗಮನಿಸು. ಸಾಂಡ್ರಾದು ಮಾತ್ರ ಒಬ್ಬಳೇ ನೋಡ್ಬೇಡ, ಮಾತ್ರೆ ಸೀನ್ ಇದೆ ಅಂತ ಜೊತೆಗಿರೋರಿಗೂ ಮೊದ್ಲೇ ಹೇಳ್ಬಿಡು, ನೋಡಿ ಮುಗಿದ ಮೇಲೆ ಫೋನ್ ಮಾಡು, ರಾತ್ರಿ ಎಷ್ಟೊತ್ತಾದ್ರೂ ಪರವಾಗಿಲ್ಲ.

ಮಾಲೀಕ ಕೊಟ್ಟ ಆಫರ್ ಬಗ್ಗೆ ನಮ್ಮ ಮನೇಲಿ ಇನ್ನೂ ಜಗಳ ಮುಗಿದಿಲ್ಲ. ಬೇಡ ಅಂದಿದ್ದು ಸರಿ ಅಂತ ನಾನು. ನಿಮ್ಮಮ್ಮ ಕೇಳೋದು, ಮನೇಲಿ ಎರಡು ಮಕ್ಕಳಿವೆ, ಸಾಲ ಇದೆ, ಅಲ್ಫೋನ್ಸ್‌ನ ಗುತ್ತಿಗೆ ಇವಳು ಬೇಡ ಅಂದ ಮಾತ್ರಕ್ಕೆ ಮುಂದುವರಿಯುತ್ತೆ ಅಂತ ಯಾರು ಬರೆದುಕೊಟ್ರು? ಮಾಲೀಕ ಆಮೇಲೆ ಇಬ್ರನ್ನೂ ಕೈಬಿಟ್ರೆ? ಇದಕ್ಕೆ ನನ್ನ ಹತ್ರ ಸರಿಯಾದ ಉತ್ತರ ಇಲ್ಲ, ಆದ್ರೂ ಸೋಲೋದಕ್ಕೆ ಮನಸ್ಸಿಲ್ಲ. ಸದ್ಯಕ್ಕೆ ನಮ್ಮಲ್ಲಿ 1-1. ನೋಡಿ ನಿನ್ನ ವೋಟ್ ಯಾವ ಕಡೆ ಅಂತ ಹೇಳು, ನಿಮ್ಮಮ್ಮನ ಕಡೆ ಆದ್ರೂ ಹೇಳು.

ನಿನ್ನ,
ಅಪ್ಪ